ರಾಫ್ಟ್‌ಗೆ ಕಂಬಿ ಎಷ್ಟು ಬೇಕು? ಮೇಸ್ತ್ರಿ ಲೆಕ್ಕ 1920 ಕೆಜಿ, ನನ್ನ ಲೆಕ್ಕ 2880

ಹುಬ್ಬಳ್ಳಿ ಕಡೆ ಎರೆ ಮಣ್ಣಿನ ಜಾಗ. ಕೆಳಗೊಂದು ಮನೆ, ಮೇಲೊಂದು ಮನೆ, ಒಟ್ಟು 12 ಕಾಲಂ. ಕಟ್ಟಡದ ಅಳತೆ 8 ಮೀಟರ್‌ಗೆ 10 ಮೀಟರ್, ಅಂದರೆ 80 ಚದರ ಮೀಟರ್. ಮಣ್ಣು ಪರೀಕ್ಷೆಯ ವರದಿ ನೋಡಿ, ಬಿಡಿಬಿಡಿ ಫುಟಿಂಗ್ ಬೇಡ, ಕಟ್ಟಡದ ಕೆಳಗೆಲ್ಲ ಹರಡುವ ಒಂದೇ ಕಾಂಕ್ರೀಟ್ ಹಾಸು, ಅಂದರೆ ರಾಫ್ಟ್ ಹಾಕೋಣ ಎಂದು ತೀರ್ಮಾನಿಸಿದ್ದೆವು. ಡ್ರಾಯಿಂಗ್‌ನಲ್ಲಿ ದಪ್ಪ 300 ಎಂಎಂ, ಎಂ25 ಕಾಂಕ್ರೀಟ್. ಕೆಳಗೊಂದು ಜಾಲರಿ, ಮೇಲೊಂದು ಜಾಲರಿ. ಎರಡರಲ್ಲೂ 12 ಎಂಎಂ ಕಂಬಿ, ಎರಡೂ ದಿಕ್ಕಿಗೆ 150 ಎಂಎಂ ಅಂತರ.

ಮನೆ ಮಾಲೀಕರು ಒಂದು ಚೀಟಿ ಹಿಡಿದು ಬಂದರು. ಮೇಸ್ತ್ರಿ ಬರೆದುಕೊಟ್ಟಿದ್ದು. 80 ಚದರ ಮೀಟರ್‌ಗೆ 0.3 ಗುಣಿಸಿ 24 ಘನ ಮೀಟರ್ ಕಾಂಕ್ರೀಟ್, ಘನ ಮೀಟರ್‌ಗೆ 80 ಕೆಜಿ ಕಂಬಿ, ಒಟ್ಟು 1920 ಕೆಜಿ. "ಸರ್, ನೀವು 2880 ಅಂತೀರಿ. ಒಂದು ಟನ್ ಹತ್ತಿರ ಜಾಸ್ತಿ ಆಯ್ತಲ್ಲ?" ಎಂದರು. ಅವರು ಕೇಳಿದ್ದು ಸರಿ. ಮೇಸ್ತ್ರಿ ಹಿಡಿದ 80 ಕೆಜಿ ಕೂಡ ತೀರಾ ತಪ್ಪಲ್ಲ. ತಪ್ಪಿದ್ದು ಬೇರೆ ಕಡೆ.

ಮೊದಲ ತಪ್ಪು ಅಳತೆಯಲ್ಲೇ ಇದೆ. ರಾಫ್ಟ್ ಕಟ್ಟಡದ ಗೋಡೆಯ ಗೆರೆಗೆ ನಿಲ್ಲುವುದಿಲ್ಲ, ಹೊರಗೆ ಚಾಚುತ್ತದೆ. ಇಲ್ಲಿ ಎಲ್ಲ ಕಡೆ ಅರ್ಧ ಮೀಟರ್ ಚಾಚಿದೆ. ಹಾಗಾಗಿ ರಾಫ್ಟ್ ಅಳತೆ 9ಕ್ಕೆ 11, ಅಂದರೆ 99 ಚದರ ಮೀಟರ್. ಕಾಂಕ್ರೀಟ್ 24 ಅಲ್ಲ, 29.7 ಘನ ಮೀಟರ್. ಅರ್ಧ ಮೀಟರ್ ಅಂದರೆ ಎಷ್ಟು ಮಹಾ ಅನ್ನಿಸುತ್ತದೆ, ಆದರೆ ನಾಲ್ಕೂ ಸುತ್ತ ಸೇರಿದಾಗ ವಿಸ್ತೀರ್ಣ ಕಾಲುಭಾಗದಷ್ಟು ಹೆಚ್ಚಿಬಿಡುತ್ತದೆ. ರಾಫ್ಟ್ ಕೆಳಗೆ ಹಾಕುವ ಕಂಬಿ ಇಲ್ಲದ ಕಾಂಕ್ರೀಟ್ ಪದರ, ಅಂದರೆ ಪಿಸಿಸಿ ಸರಿಯಾಗಿ ಮಟ್ಟ ಆಗಿಲ್ಲದಿದ್ದರೆ ಇನ್ನೂ ಜಾಸ್ತಿ ಹೋಗುತ್ತದೆ. ಸರಾಸರಿ 10 ಎಂಎಂ ತಗ್ಗಿದ್ದರೂ ಒಂದು ಘನ ಮೀಟರ್ ಕಾಂಕ್ರೀಟ್ ಅಲ್ಲೇ ಮುಗಿಯಿತು. ಅದಕ್ಕೇ ರೆಡಿಮಿಕ್ಸ್ ತರಿಸುವಾಗ ಕೊನೆಯ ಗಾಡಿಯ ಪ್ರಮಾಣ ಮೊದಲೇ ಹೇಳಬೇಡಿ. ಉಳಿದಿರುವ ಜಾಗ ಟೇಪ್‌ನಲ್ಲಿ ಅಳೆದು ಆಮೇಲೆ ಹೇಳಿ.

ಈಗ ಕಂಬಿ. ಇದನ್ನು ಕೆಜಿಯಿಂದ ಶುರು ಮಾಡಬಾರದು, ಎಣಿಕೆಯಿಂದ ಶುರು ಮಾಡಬೇಕು. ಕಂಬಿಯನ್ನು ಮುಚ್ಚುವ ಕಾಂಕ್ರೀಟ್, ಅಂದರೆ ಕವರ್, ಸುತ್ತ 50 ಎಂಎಂ ಬಿಟ್ಟರೆ 9 ಮೀಟರ್ ಅಗಲದಲ್ಲಿ 8.9 ಮೀಟರ್ ಉಳಿಯುತ್ತದೆ. ಅದನ್ನು 150 ಎಂಎಂ ಮೀರದ ಹಾಗೆ ಭಾಗ ಮಾಡಿದರೆ 60 ಸಂದು, 61 ಕಂಬಿ. ಈ ಕಂಬಿಗಳ ಉದ್ದ 10.9 ಮೀಟರ್, ತುದಿಗಳಲ್ಲಿ 200 ಎಂಎಂ ಬಗ್ಗಿಸುವುದು ಸೇರಿ 11.3 ಮೀಟರ್. ಇನ್ನೊಂದು ದಿಕ್ಕಿಗೆ ಇದೇ ರೀತಿ 74 ಕಂಬಿ, ಒಂದೊಂದೂ 9.3 ಮೀಟರ್. 12 ಎಂಎಂ ಕಂಬಿಯ ತೂಕ ತಿಳಿಯಲು ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ: 144 ಭಾಗಿಸು 162, ಮೀಟರ್‌ಗೆ 0.889 ಕೆಜಿ. ಒಂದು ಜಾಲರಿಗೆ ಸುಮಾರು 1225 ಕೆಜಿ ಆಗುತ್ತದೆ, ಎರಡಕ್ಕೆ 2450. ಇದನ್ನು 29.7ರಿಂದ ಭಾಗಿಸಿ ನೋಡಿ, ಘನ ಮೀಟರ್‌ಗೆ 82 ಕೆಜಿ ಚಿಲ್ಲರೆ ಬರುತ್ತದೆ. ಮೇಸ್ತ್ರಿಯ 80ಕ್ಕೆ ಎಷ್ಟು ಹತ್ತಿರ ಅಲ್ವಾ? ಅವರ ಗುಣಾಕಾರ ಸರಿ, ಗುಣಿಸಿದ ವಿಸ್ತೀರ್ಣ ತಪ್ಪು.

ಆದರೆ 2450 ಕೆಜಿ ತರಿಸಿದರೆ ಕೆಲಸ ನಿಲ್ಲುತ್ತದೆ. ಯಾಕೆಂದರೆ ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. 11.3 ಮೀಟರ್‌ನದು ಒಂದು ಕಂಬಿಯಲ್ಲಿ ಜಾಯಿಂಟ್ ಇಲ್ಲದೆ ಬರುತ್ತದೆ, ಚೆನ್ನಾಗಿದೆ. 9.3 ಮೀಟರ್‌ನದು ಕತ್ತರಿಸಿದಾಗ ಮಾತ್ರ ಪ್ರತಿ ಕಂಬಿಯಲ್ಲಿ 2.7 ಮೀಟರ್ ತುಂಡು ಉಳಿಯುತ್ತದೆ. ಎರಡು ಜಾಲರಿ ಸೇರಿ 148 ತುಂಡು, ಸುಮಾರು 355 ಕೆಜಿ. ಇದನ್ನು ಗುಜರಿಗೆ ಹಾಕಿದರೆ ನಷ್ಟ. ತುಂಡುಗಳನ್ನೇ ಒಂದಕ್ಕೊಂದು ಜೋಡಿಸಿ ಉದ್ದ ಮಾಡುತ್ತೇನೆ ಅನ್ನುವವರೂ ಇದ್ದಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ಪ್ರತಿ ಜೋಡಣೆಗೆ ವ್ಯಾಸದ 50 ಪಟ್ಟು, ಅಂದರೆ 600 ಎಂಎಂ ಓವರ್‌ಲ್ಯಾಪ್ ಕೊಡಬೇಕು. ನಾಲ್ಕು ತುಂಡು ಜೋಡಿಸಿದರೂ 9 ಮೀಟರ್‌ಗಿಂತ ಉದ್ದ ಆಗುವುದಿಲ್ಲ.

ಈ ತುಂಡಿಗೆ ಎರಡು ಒಳ್ಳೆಯ ಉಪಯೋಗ ಇದೆ. ಅದು ಅರ್ಥ ಆಗಬೇಕಾದರೆ ರಾಫ್ಟ್ ಹೇಗೆ ಬಾಗುತ್ತದೆ ಎನ್ನುವುದು ತಿಳಿದಿರಬೇಕು. ಛಾವಣಿಯ ಸ್ಲ್ಯಾಬನ್ನು ತಲೆಕೆಳಗು ಮಾಡಿದ ಹಾಗೆ ಎಂದುಕೊಳ್ಳಿ. ಇಲ್ಲಿ ಭಾರ ಕೆಳಗಿನಿಂದ, ಮಣ್ಣಿನಿಂದ ಮೇಲಕ್ಕೆ ತಳ್ಳುತ್ತದೆ, ಕಾಲಂ ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಕಾಲಂ ಬುಡದಲ್ಲಿ ರಾಫ್ಟ್‌ನ ಕೆಳಮೈ ಎಳೆತಕ್ಕೆ ಸಿಗುತ್ತದೆ, ಎರಡು ಕಾಲಂ ನಡುವೆ ಮೇಲ್ಮೈ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಎರಡು ಜಾಲರಿ. ಅದಕ್ಕೇ ಕಾಲಂ ಬುಡದಲ್ಲಿ ಕೆಳಗಿನ ಜಾಲರಿ ಜೊತೆ ಹೆಚ್ಚುವರಿ ಕಂಬಿ. ನಮ್ಮ ಡ್ರಾಯಿಂಗ್‌ನಲ್ಲಿ ಅದು ಪ್ರತಿ ಕಾಲಂಗೆ 9, ಉದ್ದ 2.4 ಮೀಟರ್. 12 ಕಾಲಂಗೆ 108 ತುಂಡು, ಸುಮಾರು 230 ಕೆಜಿ. ಮೇಸ್ತ್ರಿಯ ಚೀಟಿಯಲ್ಲಿ ಇದು ಇರಲೇ ಇಲ್ಲ.

ಉಳಿದ ತುಂಡು ಚೇರ್‌ಗೆ. ಮೇಲಿನ ಜಾಲರಿಯನ್ನು ಹೊತ್ತು ನಿಲ್ಲುವ ಈ ಕಂಬಿ ಕುರ್ಚಿಯನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 300 ಎಂಎಂ ದಪ್ಪದಲ್ಲಿ ಮೇಲೆ ಕೆಳಗೆ ಕವರ್ ನೂರು, ನಾಲ್ಕು ಪದರ ಕಂಬಿ 48. ಉಳಿಯುವುದು 152, ಅದೇ ಚೇರ್ ಎತ್ತರ. ಒಂದಕ್ಕೆ 900 ಎಂಎಂ ಕಂಬಿ ಸಾಕು, 2.7 ಮೀಟರ್ ತುಂಡಿನಲ್ಲಿ ಸರಿಯಾಗಿ ಮೂರು. ಚದರ ಮೀಟರ್‌ಗೆ ಒಂದರಂತೆ ನೂರು ಚೇರ್ ಮಾಡಿಸಿದೆವು, 34 ತುಂಡು ಹಿಡಿಯಿತು. 148ರಲ್ಲಿ ಉಳಿದದ್ದು ಆರೇ.

ಹಾಗಾಗಿ ತರಿಸಬೇಕಾದದ್ದು ಉದ್ದದವು 122, ಅಡ್ಡದವು 148, ಒಟ್ಟು 270 ಕಂಬಿ. ಒಂದರ ತೂಕ 10.67 ಕೆಜಿ, ಒಟ್ಟು 2880. ಅದರಲ್ಲಿ ನಿಜವಾಗಿ ವೇಸ್ಟ್ 120 ಕೆಜಿ ಆಸುಪಾಸು. ಬೈಂಡಿಂಗ್ ವೈರ್ ಬೇರೆ, ಟನ್‌ಗೆ 8ರಿಂದ 10 ಕೆಜಿ ಹಿಡಿಯಿರಿ.

ಲೋಡ್ ಬಂದಾಗ ತೂಕದ ಚೀಟಿ ಮಾತ್ರ ನೋಡಬೇಡಿ, ಕಂಬಿ ಎಣಿಸಿ. 12 ಎಂಎಂಗೆ ಕಂಬಿಯ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ ತೂಕ 5 ಶೇಕಡ ಆಚೀಚೆ ಇರಬಹುದು. ಒಂದು ಮೀಟರ್ ಕತ್ತರಿಸಿ ತೂಗಿ. 845 ಗ್ರಾಂಗಿಂತ ಕಡಿಮೆ ಬಂದರೆ ಇಳಿಸಿಕೊಳ್ಳಬೇಡಿ. ಎಣಿಕೆ ಸರಿ ಇದ್ದು ತೂಕ ಕಡಿಮೆ ಅಂದರೆ ಕಂಬಿ ತೆಳ್ಳಗಿದೆ. ತೂಕ ಸರಿ ಇದ್ದು ಎಣಿಕೆ ಕಡಿಮೆ ಅಂದರೆ ಕಟ್ಟುವಾಗ ಅಂತರ 150 ಇದ್ದದ್ದು 165 ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ನನಗೆ ಹೆಚ್ಚು ಭಯ ಇರುವುದು ಮೇಲಿನ ಜಾಲರಿ ಬಗ್ಗೆ. ಚೇರ್ ಕಡಿಮೆ ಹಾಕಿದ್ದರೆ, ಪಂಪ್ ಪೈಪ್ ಹಿಡಿದವರು ಅದರ ಮೇಲೆ ಓಡಾಡಿದಾಗ ಕಂಬಿ ಕೆಳಗೆ ಕೂರುತ್ತದೆ. 50 ಎಂಎಂ ಕೂತರೂ ಕಾಂಕ್ರೀಟ್ ಕೆಳಮೈಯಿಂದ ಮೇಲಿನ ಕಂಬಿಗಿರುವ ದೂರ ಸುಮಾರು 240ರಿಂದ 190 ಎಂಎಂಗೆ ಇಳಿಯುತ್ತದೆ. ಅಲ್ಲಿ ಬಾಗುವಿಕೆ ತಡೆಯುವ ಶಕ್ತಿ ಐದರಲ್ಲೊಂದು ಪಾಲು ಹೋಯಿತು ಅಂತಲೇ ಲೆಕ್ಕ. ಕಾಂಕ್ರೀಟ್ ಮುಚ್ಚಿದ ಮೇಲೆ ಹೊರಗಿನಿಂದ ಏನೂ ಕಾಣದು. ಅದಕ್ಕೆ ಆ ದಿನ ಬೆಳಿಗ್ಗೆ ಮೇಲ್ಮಟ್ಟಕ್ಕೆ ದಾರ ಕಟ್ಟಿಸಿ, ದಾರದಿಂದ ಕಂಬಿಗೆ 50 ಎಂಎಂ ಇದೆಯಾ ಎಂದು ಎರಡು ಹೆಜ್ಜೆಗೊಮ್ಮೆ ಟೇಪ್ ಇಟ್ಟು ನೋಡಿದೆ. ಮೂಲೆಯಲ್ಲಿ ಒಂದು ಕಡೆ 85 ಬಂತು, ಎರಡು ಚೇರ್ ಜಾರಿದ್ದವು. ಎತ್ತಿ ಕಟ್ಟಿಸಿ, ಆಮೇಲೆ ಮೊದಲ ಗಾಡಿ ಒಳಗೆ ಬಿಟ್ಟೆ.