ತೋಟದಲ್ಲಿ ಕೋವಿ ಹಾರಿದಾಗ: ಸೋಕೋ ಮತ್ತು ಬ್ಯಾಲಿಸ್ಟಿಕ್ಸ್ ಕೆಲಸದ ಟಿಪ್ಪಣಿ

ಫೊರೆನ್ಸಿಕ್ ಓದುವವರು ಹೆಚ್ಚಾಗಿ ಡಿಎನ್‌ಎ ಕಡೆಗೇ ನೋಡುತ್ತಾರೆ. ಕೊಡಗಿನವರಿಗೆ ಬ್ಯಾಲಿಸ್ಟಿಕ್ಸ್, ಅಂದರೆ ಕೋವಿ ಮತ್ತು ಗುಂಡುಗಳ ಪರೀಕ್ಷೆ, ಹೆಚ್ಚು ಹತ್ತಿರದ ವಿಷಯ ಅಂತ ನನಗನ್ನಿಸುತ್ತದೆ. ಕೊಡವರಿಗೂ, ಜಮ್ಮಾ ಎಂಬ ಹಳೆಯ ಭೂಪದ್ಧತಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವ ಜಿಲ್ಲೆ ಇದು. ಹಾಗಾಗಿ ಅಂಥದ್ದೇ ಒಂದು ಪ್ರಕರಣ ಹಿಡಿದು ನೋಡೋಣ. ಇದು ಕಲಿಯಲು ಕಟ್ಟಿದ್ದು, ನಡೆದದ್ದಲ್ಲ.

ಮಳೆಗಾಲದ ಸಂಜೆ. ವಿರಾಜಪೇಟೆ ಕಡೆಯ ಕಾಫಿ ತೋಟದಲ್ಲಿ ಒಬ್ಬ ಸತ್ತು ಬಿದ್ದಿದ್ದಾನೆ. ಹೊಡೆದವನು, "ಹಂದಿ ಅಂದುಕೊಂಡೆ, 40 ಮೀಟರ್ ದೂರ ಇತ್ತು" ಅನ್ನುತ್ತಾನೆ. ಆ ದೂರ ನಿಜವಾ?

ಫೊರೆನ್ಸಿಕ್ ಕಡೆಯಿಂದ ಮೊದಲು ಹೋಗುವವರು ಅಪರಾಧ ಸ್ಥಳ ಪರಿಶೀಲನಾ ಅಧಿಕಾರಿ, ಅಂದರೆ ಸೋಕೋ. 2024ರ ಜುಲೈ 1ರಿಂದ ಜಾರಿಗೆ ಬಂದ ಅಪರಾಧ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 176(3)ನೇ ಕಲಂ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು, ಸಾಕ್ಷ್ಯ ಸಂಗ್ರಹವನ್ನು ವಿಡಿಯೋ ಮಾಡಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದ್ದಾರೆ.

ಸೋಕೋಗೆ ಇಲ್ಲಿ ಮಳೆಯೇ ದೊಡ್ಡ ಶತ್ರು. ಶಂಕಿತನ ಕೈಯಲ್ಲಿರುವ ಗುಂಡಿನ ಶೇಷ, ಅಂದರೆ ಸೀಸ, ಬೇರಿಯಂ, ಆಂಟಿಮನಿ ಸೇರಿದ ಸಣ್ಣ ಕಣಗಳು, ಕೈ ತೊಳೆದರೆ ಹೋಗುತ್ತವೆ. ಸುಮ್ನೆ ಓಡಾಡಿದರೂ ಕೆಲವೇ ಗಂಟೆಗಳಲ್ಲಿ ಉದುರುತ್ತವೆ. ಅದಕ್ಕೇ ಕೈಯ ಸ್ವ್ಯಾಬ್ ಮೊದಲು ತೆಗೆಯಬೇಕು. ಆಮೇಲೆ ತರಗೆಲೆ ಸರಿಸುತ್ತಾ ಖಾಲಿ ತೋಟಾ, ಪೆಲೆಟ್, ವ್ಯಾಡ್ ಹುಡುಕಬೇಕು. ಪೆಲೆಟ್ ಅಂದರೆ ತೋಟಾದೊಳಗಿನ ಸಣ್ಣ ಗುಂಡು. ವ್ಯಾಡ್ ಅಂದರೆ ಮದ್ದಿಗೂ ಪೆಲೆಟ್‌ಗೂ ನಡುವೆ ಇರುವ ಬಿಲ್ಲೆ. ಅದು ಗಾಯದ ಒಳಗೇ ಸಿಕ್ಕರೆ ಹೊಡೆತ ಕೆಲವೇ ಮೀಟರ್ ಹತ್ತಿರದ್ದು. ಕೂತು ಹುಡುಕುವಾಗ ಕಾಲಿಗೆ ಜಿಗಣೆ ಹತ್ತುತ್ತದೆ, ಆದರೂ ಎದ್ದು ಅತ್ತಿತ್ತ ತುಳಿಯುವಂತಿಲ್ಲ.

ಸತ್ತವನ ಒದ್ದೆ ಜಾಕೆಟನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕಬೇಕು. ಪ್ಲಾಸ್ಟಿಕ್‌ಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ರಕ್ತ ಕೊಳೆಯುತ್ತದೆ. ತೂತುಗಳಿರುವ ಜಾಗದಲ್ಲಿ ಮಡಚಲೂಬಾರದು.

ಈಗ ಲೆಕ್ಕಕ್ಕೆ ಬನ್ನಿ. ಜಾಕೆಟ್ ಮೇಲೆ ಪೆಲೆಟ್ ತೂತುಗಳು ಸುಮಾರು 30 ಸೆಂ.ಮೀ. ಅಗಲಕ್ಕೆ ಹರಡಿವೆ. ಚೋಕ್ ಇಲ್ಲದ, ಅಂದರೆ ತುದಿ ಕಿರಿದಾಗಿಸದ ನಳಿಗೆಯಲ್ಲಿ ಪೆಲೆಟ್‌ಗಳು ಗಜಕ್ಕೆ ಸುಮಾರು ಒಂದು ಇಂಚಿನಷ್ಟು ಹರಡುತ್ತವೆ ಅನ್ನುವುದು ಒರಟು ನಿಯಮ. ಅಂದರೆ 30 ಸೆಂ.ಮೀ.ಗೆ ಸುಮಾರು 11 ಮೀಟರ್. ನಿಜಕ್ಕೂ 40 ಮೀಟರ್ ಆಗಿದ್ದರೆ ಒಂದು ಮೀಟರ್‌ಗಿಂತ ಜಾಸ್ತಿ ಹರಡಿ, ಅರ್ಧ ಪೆಲೆಟ್‌ಗಳು ಗಿಡಕ್ಕೆ ಹೋಗಿರುತ್ತಿದ್ದವು.

ಇಲ್ಲಿಗೇ ತೀರ್ಪು ಕೊಡಬೇಡಿ. ನಳಿಗೆಯ ತುದಿ ಚೋಕ್ ಆಗಿದ್ದರೆ ಹರಡುವುದು ಕಡಿಮೆ, ಆಗ ಅದೇ 30 ಸೆಂ.ಮೀ. ಇನ್ನೂ ದೂರದ್ದಾಗಿರಬಹುದು. ನಡುವೆ ಕಾಫಿ ಗಿಡದ ರೆಂಬೆಗೆ ಬಡಿದಿದ್ದರೆ ಬೇಗ ಹರಡುತ್ತದೆ, ಆಗ ದೂರ ನಿಜಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಮುರಿದ ರೆಂಬೆಯ ಫೋಟೋವನ್ನು ಸ್ಕೇಲ್ ಇಟ್ಟು ತೆಗೆಯುವುದು ಇದಕ್ಕೇ. ಆಮೇಲೆ ಲ್ಯಾಬಿನಲ್ಲಿ ಅದೇ ಕೋವಿ, ಅದೇ ಬಗೆಯ ತೋಟಾ ಬಳಸಿ 5, 10, 15, 20 ಮೀಟರ್ ಹೀಗೆ ಬೇರೆ ಬೇರೆ ದೂರದಿಂದ ಬಟ್ಟೆಗೆ ಹೊಡೆದು ಹೋಲಿಸುತ್ತಾರೆ. ವರದಿಯಲ್ಲಿ ಒಂದೇ ಸಂಖ್ಯೆ ಕೊಡುವುದಿಲ್ಲ, ಇಷ್ಟರಿಂದ ಇಷ್ಟರ ನಡುವೆ ಅಂತ ಬರೆಯುತ್ತಾರೆ.

ಪರೀಕ್ಷೆಯಲ್ಲಿ ಎಡವುವ ಜಾಗ ಇನ್ನೊಂದಿದೆ. ಈ ಕೋವಿಗಳ ನಳಿಗೆ ಒಳಗೆ ನುಣುಪು, ರೈಫಲ್‌ನಂತೆ ಗೀರು ಇರುವುದಿಲ್ಲ. ಹಾಗಾಗಿ ಪೆಲೆಟ್ ನೋಡಿ ಇದೇ ಕೋವಿ ಅನ್ನಲು ಸಾಮಾನ್ಯವಾಗಿ ಆಗದು. ಆದರೆ ಖಾಲಿ ತೋಟಾದ ಹಿಂಭಾಗದಲ್ಲಿ ಫೈರಿಂಗ್ ಪಿನ್ ಬಡಿದ ಗುರುತು ಉಳಿಯುತ್ತದೆ. ಕಂಪ್ಯಾರಿಸನ್ ಮೈಕ್ರೋಸ್ಕೋಪ್‌ನಲ್ಲಿ ಅದನ್ನು ಟೆಸ್ಟ್ ಫೈರ್ ಮಾಡಿದ ತೋಟಾದ ಪಕ್ಕ ಇಟ್ಟು ನೋಡುತ್ತಾರೆ. ತೋಟಾ ಸಿಗದಿದ್ದರೆ ಆ ದಾರಿ ಮುಚ್ಚಿತು.

ಈ ಕೆಲಸಕ್ಕೆ ಸೇರುವ ದಾರಿ ಹೇಗೆ? ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಬಿಎಸ್ಸಿ ಇದ್ದರೆ ಬ್ಯಾಲಿಸ್ಟಿಕ್ಸ್‌ಗೆ ಒಳ್ಳೆಯ ತಳಪಾಯ. ಆಮೇಲೆ ಫೊರೆನ್ಸಿಕ್ ಎಂಎಸ್ಸಿ. ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಧಾರವಾಡದಲ್ಲೂ ಕ್ಯಾಂಪಸ್ ಇದೆ. ಅದೇ ವಿಶ್ವವಿದ್ಯಾಲಯ ಫೊರೆನ್ಸಿಕ್ ಸಾಮರ್ಥ್ಯ ಅಳೆಯುವ ಫ್ಯಾಕ್ಟ್ ಪರೀಕ್ಷೆ ನಡೆಸುತ್ತದೆ, ಆದರೆ ಪಾಸಾದ ಮಾತ್ರಕ್ಕೆ ಕೆಲಸ ಸಿಗದು. ಹುದ್ದೆಗೆ ಬೇಕಾದ ಅರ್ಹತೆ ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುತ್ತದೆ, ಹಾಗಾಗಿ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಹಳೆಯ ಅಧಿಸೂಚನೆ ಒಂದೆರಡು ಓದಿಬಿಡಿ.

ಕೆಲಸದ ಅರ್ಧ ಬರವಣಿಗೆಯೇ. ಸೀಲ್ ಹಾಕಿದ್ದು ಯಾರು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಲ್ಯಾಬಿಗೆ ಬಂದಾಗ ಸೀಲ್ ಸರಿಯಿತ್ತಾ, ಎಲ್ಲ ದಾಖಲಾಗಬೇಕು. ಕೆಲವು ವರ್ಷಗಳಾದ ಮೇಲೆ ಸಮನ್ಸ್ ಬರಬಹುದು. ಆಗ ಎದುರು ಪಕ್ಷದ ವಕೀಲರು, "ಟೆಸ್ಟ್‌ಗೆ ಬಳಸಿದ ತೋಟಾದ ಪೆಲೆಟ್ ಗಾತ್ರವೂ ದೇಹದಲ್ಲಿ ಸಿಕ್ಕ ಪೆಲೆಟ್ ಗಾತ್ರವೂ ಒಂದೇನಾ?" ಅಂತ ಕೇಳುತ್ತಾರೆ. ಉತ್ತರ ಆ ದಿನದ ನೋಟ್ಸ್‌ನಲ್ಲಿ ಇರಬೇಕು.