ಕಬ್ಬು ಮಾಗಿದೆಯಾ? ರಶ್ಮಿಗೊಂದು ಪತ್ರ

ಮಂಡ್ಯ

ಪ್ರೀತಿಯ ರಶ್ಮಿ,

ಜಿಲ್ಲಾ ವಿಜ್ಞಾನ ಮೇಳಕ್ಕೆ ಜ್ವಾಲಾಮುಖಿ ಮಾಡೆಲ್ ಬೇಡ. ಪ್ರತಿ ವರ್ಷ ನಾಲ್ಕೈದು ಬರುತ್ತವೆ. ನಿಮ್ಮ ಹೊಲದಲ್ಲೇ ಒಂದು ಒಳ್ಳೆಯ ಪ್ರಶ್ನೆ ನಿಂತಿದೆ: ಕಬ್ಬು ಕಟಾವಿಗೆ ಬಂದಿದೆಯೋ ಇಲ್ಲವೋ?

ಜಲ್ಲೆಯ ಬುಡ ಸಿಹಿ, ತುದಿ ಸಪ್ಪೆ ಅಂತ ತಿಂದವರಿಗೆಲ್ಲ ಗೊತ್ತು. ಬುಡದ ಗೆಣ್ಣುಗಳು ಮೊದಲು ಬಲಿತು ಸಕ್ಕರೆ ತುಂಬಿಕೊಳ್ಳುತ್ತವೆ. ತುದಿ ಇನ್ನೂ ಬೆಳೆಯುತ್ತಿರುತ್ತದೆ, ಬಂದ ಸಕ್ಕರೆಯನ್ನು ಅಲ್ಲೇ ಖರ್ಚು ಮಾಡುತ್ತದೆ. ಕಬ್ಬು ಮಾಗಿದಂತೆ ಎರಡರ ಸಿಹಿಯೂ ಹತ್ತಿರ ಬರುತ್ತದೆ. ಇದನ್ನು ಅಳೆಯಬಹುದು.

ಸಿಹಿ ಜಾಸ್ತಿಯಾದಷ್ಟೂ ಕಬ್ಬಿನ ಹಾಲು ದಪ್ಪ, ಅದರಲ್ಲಿ ತೇಲುವ ವಸ್ತು ಅಷ್ಟು ಮೇಲೆ ನಿಲ್ಲುತ್ತದೆ. ಬರೀ ಪೆನ್ನಿನ ಕೊಳವೆಯನ್ನು ತೇಲಿಸಿದರೆ ಸಾಲದು. ಅದು ನೀರಿನಲ್ಲಿ 12 ಸೆಂ.ಮೀ. ಮುಳುಗಿದರೆ, ಶೇ. 20 ಸಕ್ಕರೆಯ ದ್ರಾವಣದಲ್ಲಿ ಸುಮಾರು 11.1 ಸೆಂ.ಮೀ. ಮುಳುಗುತ್ತದೆ. 20 ಅಂಕಕ್ಕೆ ಬರೀ 9 ಮಿ.ಮೀ., ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಕೆಳಗೆ ಒಂದು ಸಣ್ಣ ಇಂಜೆಕ್ಷನ್ ಬಾಟಲಿ ಕಟ್ಟು. ಒಳಗೆ ಸೈಕಲ್ ಬೇರಿಂಗ್ ಗುಂಡು ಹಾಕಿ, ಒಟ್ಟು ತೂಕ 20 ಗ್ರಾಂ ಆಸುಪಾಸು ಬರಲಿ. ಬಾಟಲಿ ಪೂರ್ತಿ ಮುಳುಗಿ, ಕೊಳವೆಯ ತುದಿ ಮಾತ್ರ ಮೇಲೆ ಕಾಣಬೇಕು. ಸಂದುಗಳನ್ನು ಮೇಣದಿಂದ ಮುಚ್ಚು. ಈಗ ಅದೇ 20 ಅಂಕ ಸುಮಾರು 3 ಸೆಂ.ಮೀ. ಹರಡಿಕೊಳ್ಳುತ್ತದೆ.

ಕೊಳವೆಗೆ ಗುರುತು ಹಾಕುವಾಗ ಎಲ್ಲರೂ ತಪ್ಪುತ್ತಾರೆ. ಶೇ. 10ರ ದ್ರಾವಣಕ್ಕೆ 100 ಗ್ರಾಂ ನೀರಿಗೆ 10 ಗ್ರಾಂ ಸಕ್ಕರೆ ಹಾಕಿದರೆ ಅದು ಶೇ. 9.1 ಮಾತ್ರ. 90 ಗ್ರಾಂ ನೀರಿಗೆ 10 ಗ್ರಾಂ ಹಾಕಬೇಕು. ಹಾಗೆಯೇ 80ಕ್ಕೆ 20. ಬರೀ ನೀರಿನಲ್ಲಿ ಸೊನ್ನೆ ಗುರುತಿಸು.

ಐದು ಜಲ್ಲೆ ಕಡಿ. ಎಲ್ಲದರ ಬುಡದ ಮೂರು ಗೆಣ್ಣು ಒಂದು ಕಡೆ, ಸೋಗೆಯ ಕೆಳಗಿನ ಮೂರು ಇನ್ನೊಂದು ಕಡೆ. ಜ್ಯೂಸ್ ಅಂಗಡಿಯಲ್ಲಿ ಬೇರೆ ಬೇರೆಯಾಗಿ ಹಿಂಡಿಸು, ನಡುವೆ ಗಾಣ ತೊಳೆಸು. ಬಟ್ಟೆಯಲ್ಲಿ ಸೋಸಿ, ನೊರೆ ಇಳಿದ ಮೇಲೆ ಅಳೆ. ಬಾಟಲಿಗೆ ಗುಳ್ಳೆ ಅಂಟಿದ್ದರೆ ಅದು ಎತ್ತಿಬಿಡುತ್ತದೆ, ಸಿಹಿ ಸುಳ್ಳಾಗಿ ಜಾಸ್ತಿ ತೋರುತ್ತದೆ. ತಡ ಮಾಡಬೇಡ, ಹಾಲು ಬೇಗ ಹುಳಿಯುತ್ತದೆ.

ಬುಡದ್ದು 20, ತುದಿಯದ್ದು 14 ಬಂತು ಅಂದುಕೋ. 14ನ್ನು 20ರಿಂದ ಭಾಗಿಸಿದರೆ 0.7. ಇನ್ನೂ ಕಾಯಬೇಕು. 1ರ ಹತ್ತಿರ ಬಂದಾಗ ಕಟಾವು. 1 ದಾಟಿದರೆ ಬುಡದ ಸಕ್ಕರೆ ಇಳಿಯಲು ಶುರುವಾಗಿದೆ ಎಂದರ್ಥ.

ಒಂದು ಮಾತು ಪೋಸ್ಟರಿನಲ್ಲಿ ಬರೆದೇ ಬರೆ: ನಮ್ಮ ಸಾಧನ ಹಾಲಿನಲ್ಲಿ ಕರಗಿದ ಎಲ್ಲವನ್ನೂ ಅಳೆಯುತ್ತದೆ, ಬರೀ ಸಕ್ಕರೆಯನ್ನಲ್ಲ. ತೀರ್ಪುಗಾರರು ಕೇಳುವುದೇ ಅದನ್ನು.

ವಾರಕ್ಕೊಮ್ಮೆ, ಅದೇ ಸಾಲಿನಿಂದ ಅಳೆದು ಗ್ರಾಫ್ ಹಾಕು. ಮೊದಲ ಅಳತೆಗೆ ಶನಿವಾರ ಬಾ, ಬಾಟಲಿ ನನ್ನ ಹತ್ತಿರ ಇದೆ. ಜಲ್ಲೆ ನೀನು ತಾ.

ನಿನ್ನ ವಿಜ್ಞಾನ ಮೇಷ್ಟ್ರು