ಖಾತೆಯಲ್ಲಿ ದುಡ್ಡಿದ್ದರೂ ಅಪ್ಪನ ಚೆಕ್ ವಾಪಸ್ ಬಂತು, ಯಾಕೆ?

ಓದುಗರ ಪ್ರಶ್ನೆ: ಅಪ್ಪನಿಗೆ 74 ವರ್ಷ. ಬಡಗಿಗೆ 40,000 ರೂಪಾಯಿ ಚೆಕ್ ಕೊಟ್ಟಿದ್ದರು. ಖಾತೆಯಲ್ಲಿ ಲಕ್ಷಕ್ಕಿಂತ ಜಾಸ್ತಿ ಇದೆ. ಆದರೂ ‘ಡ್ರಾಯರ್ಸ್ ಸಿಗ್ನೇಚರ್ ಡಿಫರ್ಸ್’, ಅಂದರೆ ಚೆಕ್ ಬರೆದವರ ಸಹಿ ಹೊಂದುತ್ತಿಲ್ಲ, ಅಂತ ಚೀಟಿ ಅಂಟಿಸಿ ವಾಪಸ್ ಕಳಿಸಿದ್ದಾರೆ. ಸಹಿ ಅಪ್ಪನದೇ. ಈಗೇನು ಮಾಡಬೇಕು?

ಉತ್ತರ: ಸಹಿ ಅಪ್ಪನದೇ ಅನ್ನೋದು ನಿಮಗೆ ಗೊತ್ತು, ಚೆಕ್ ಪಾಸ್ ಮಾಡುವವರಿಗೆ ಗೊತ್ತಿಲ್ಲ. ಬಡಗಿ ತನ್ನ ಬ್ಯಾಂಕಿಗೆ ಚೆಕ್ ಹಾಕಿದಾಗ ಆ ಕಾಗದ ಅಪ್ಪನ ಬ್ಯಾಂಕಿಗೆ ಹೋಗುವುದಿಲ್ಲ, ಅದರ ಸ್ಕ್ಯಾನ್ ಮಾಡಿದ ಚಿತ್ರ ಮಾತ್ರ ಹೋಗುತ್ತದೆ. ಅಲ್ಲಿ ಅಪ್ಪನ ಮುಖವನ್ನೇ ನೋಡಿರದ ಒಬ್ಬರು ಆ ಚಿತ್ರವನ್ನೂ ಖಾತೆ ತೆರೆದಾಗ ಕೊಟ್ಟ ಮಾದರಿ ಸಹಿಯನ್ನೂ ಹೋಲಿಸಿ ನೋಡುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಪೂರ್ತಿ ಹೆಸರು ಬರೆದು ಕೆಳಗೆ ಗೆರೆ ಎಳೆದವರು ಈಗ ಕೈ ನಡುಗುತ್ತದೆ ಅಂತ ಎರಡೇ ಅಕ್ಷರ ಗೀಚಿದರೆ ಹೊಂದುವುದಾದರೂ ಹೇಗೆ, ಅಲ್ವಾ?

‘ದುಡ್ಡಿದೆಯಲ್ಲ, ಕೊಟ್ಟುಬಿಡಿ’ ಅನ್ನಲು ಆಗುವುದಿಲ್ಲ. ನಕಲಿ ಸಹಿಗೆ ದುಡ್ಡು ಕೊಟ್ಟರೆ ಆ ನಷ್ಟ ಸಾಮಾನ್ಯವಾಗಿ ಬ್ಯಾಂಕಿನದೇ. ಸುಪ್ರೀಂ ಕೋರ್ಟ್ 1987ರಲ್ಲಿ ಕೆನರಾ ಬ್ಯಾಂಕಿನ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿತು. ಹಾಗಾಗಿ ಅನುಮಾನ ಬಂದರೆ ವಾಪಸ್ ಕಳಿಸುತ್ತಾರೆ, ಅದು ಸರಿಯೇ.

ಬಡಗಿಗೆ ಮೊದಲು ಬೇರೆ ದಾರಿಯಲ್ಲಿ ದುಡ್ಡು ಕೊಟ್ಟುಬಿಡಿ. ಸಹಿ ತಾಳೆಯಾಗದೆ ವಾಪಸಾದ ಚೆಕ್ ಮೇಲೂ 138ನೇ ಸೆಕ್ಷನ್ ಅಡಿ ಚೆಕ್ ಬೌನ್ಸ್ ಕೇಸು ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ದುಡ್ಡು ಕೇಳಿ ಬಡಗಿ ಕಳಿಸುವ ನೋಟಿಸ್ ಕೈಸೇರಿದ 15 ದಿನದಲ್ಲಿ ದುಡ್ಡು ಕೊಟ್ಟರೆ ಕೇಸಿನ ಮಾತೇ ಬರುವುದಿಲ್ಲ. ಅದೇ ಚೆಕ್ಕನ್ನು ಮತ್ತೆ ಹಾಕಿಸಬೇಡಿ, ಸಹಿ ಬದಲಾಗದೆ ಫಲ ಬದಲಾಗದು.

ಆಮೇಲೆ ಅಪ್ಪನನ್ನು ಖಾತೆ ಇರುವ ಶಾಖೆಗೆ ಕರೆದುಕೊಂಡು ಹೋಗಿ. ಪಾಸ್‌ಬುಕ್, ಆಧಾರ್, ಪ್ಯಾನ್‌ನ ಮೂಲ ಪ್ರತಿ ಜೊತೆಗಿರಲಿ. ಸಹಿ ಬದಲಾವಣೆ ಅರ್ಜಿಯಲ್ಲಿ ಸಾಮಾನ್ಯವಾಗಿ ಹಳೆ ಸಹಿಗೂ ಹೊಸ ಸಹಿಗೂ ಜಾಗ ಇರುತ್ತದೆ, ಎರಡನ್ನೂ ಅಧಿಕಾರಿಯ ಎದುರಿಗೇ ಹಾಕಬೇಕು. ಹಳೆಯದು ಈಗ ಕೈಗೆ ಬರುವುದೇ ಇಲ್ಲ ಅಂದರೆ ಅದನ್ನು ಮೊದಲೇ ಹೇಳಿಬಿಡಿ, ಗುರುತಿನ ದಾಖಲೆ ನೋಡಿ, ಬೇಕಿದ್ದರೆ ಇನ್ನೊಂದು ಕಾಗದ ಕೇಳಿ ಮುಂದುವರಿಸುತ್ತಾರೆ. ಹೊಸ ಸಹಿ ಚೆಂದ ಇರಬೇಕಿಲ್ಲ, ಅಪ್ಪ ಸುಸ್ತಾದ ದಿನವೂ ಹಾಗೇ ಹಾಕಲು ಆಗಬೇಕು, ಅಷ್ಟೇ. ಮನೆಯಲ್ಲಿ ಹತ್ತು ಸಲ ಬರೆಸಿ ನೋಡಿ.

ಒಂದು ಮಾತು ಮರೆಯಬೇಡಿ. ಹಳೆ ಸಹಿ ಹಾಕಿ ಕೊಟ್ಟ ಬೇರೆ ಚೆಕ್ ಯಾರ ಬಳಿಯಾದರೂ ಇದ್ದರೆ, ಹೊಸ ಸಹಿ ಕಂಪ್ಯೂಟರಿಗೆ ಏರಿದ ಮೇಲೆ ಅವೂ ಇದೇ ಕಾರಣಕ್ಕೆ ವಾಪಸ್ ಬರಬಹುದು. ಅವನ್ನು ಮೊದಲೇ ಹಿಂದಕ್ಕೆ ಪಡೆದು, ಹೊಸ ಸಹಿ ಏರಿದೆ ಅಂತ ಶಾಖೆಯಲ್ಲಿ ಕೇಳಿಕೊಂಡ ಮೇಲೆ ಬೇರೆ ಚೆಕ್ ಬರೆದುಕೊಡಿ.